ಗುಡೇಕೋಟೆಯ ಕುಬಸದಲ್ಲಿ ಎರಡು ಫೋನು

ಕೊಟ್ಟೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಬೋರ್ಡಿನ ಮೇಲೆ ನನ್ನ ಹೆಸರಿದ್ದರೂ ಅರ್ಧ ಕೆಲಸ ನನ್ನ ಹೆಂಡತಿಯದು. ರೀಲ್ ಕ್ಯಾಮೆರಾ ಕಾಲದಲ್ಲಿ ಫೋಟೋದ ಮೇಲಿನ ಗೀರು, ಮೊಡವೆ ಕಲೆಗಳನ್ನು ಸಣ್ಣ ಕುಂಚ ಹಿಡಿದು ಮುಚ್ಚುತ್ತಿದ್ದವಳು ಅವಳೇ. ಈಗ ಮೌಸ್ ಹಿಡಿದು ಅದನ್ನೇ ಮಾಡುತ್ತಾಳೆ. ಸುತ್ತಲಿನ ಊರುಗಳಲ್ಲಿ ಯಾರ ಮೂಗಿನ ಮೇಲೆ ಏನಿತ್ತು ಎಂಬುದು ಅವಳಿಗೆ ಬಾಯಿಪಾಠ. ಯಾರಿಗೂ ಹೇಳುವುದಿಲ್ಲ, ಅಷ್ಟೆ.

ಈಚೆಗೆ ಗಿರಾಕಿಗಳಿಗೆಲ್ಲ ಒಂದೇ ಹುಚ್ಚು. ಫೋಟೋ ಫೋಟೋ ಥರ ಇರಬಾರದು, ಬಣ್ಣದಲ್ಲಿ ಬಿಡಿಸಿದ ಚಿತ್ರದ ಥರ ಇರಬೇಕು. ನಾನು ಅದಕ್ಕೊಂದು ಆ್ಯಪ್ ಹಾಕಿಕೊಂಡೆ. ಫೋಟೋ ಕೊಟ್ಟರೆ ಅದು ಇಂಟರ್ನೆಟ್ ಮೇಲೆ ಎಲ್ಲೋ ಇರುವ ಕಂಪನಿಯ ದೊಡ್ಡ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಚಿತ್ರವಾಗಿ ವಾಪಸ್ಸು ಬರುತ್ತದೆ. ಇದಕ್ಕೇ ಕ್ಲೌಡ್ ಎನ್ನುತ್ತಾರೆ. ಒಂದೊಂದು ಚಿತ್ರಕ್ಕೂ ಇಷ್ಟು ಎಂದು ರೊಕ್ಕ ಕಡಿತವಾಗುತ್ತದೆ. ಹೆಂಡತಿ ತನ್ನ ಫೋನಿಗೆ ಬೇರೆಯದೊಂದನ್ನು ಹಾಕಿಕೊಂಡಳು. ಅದಕ್ಕೆ ಒಂದೇ ಸಲ ರೊಕ್ಕ ಕಟ್ಟಿ, ಅಂಗಡಿಯ ವೈಫೈಯಲ್ಲಿ ಡೌನ್‌ಲೋಡ್ ಮಾಡಿಕೊಂಡರೆ ಮುಗಿಯಿತು. ಆಮೇಲೆ ಇಂಟರ್ನೆಟ್ಟೇ ಬೇಡ. ಚಿತ್ರ ಬಿಡಿಸುವ ವಿದ್ಯೆಯೆಲ್ಲ ಫೋನಿನೊಳಗೇ ಇರುತ್ತದೆ.

ಒಂದು ಮಧ್ಯಾಹ್ನ ಇಬ್ಬರೂ ನನ್ನದೇ ಫೋಟೋ ಇಟ್ಟು ಪರೀಕ್ಷೆ ಮಾಡಿದೆವು. ಅವಳ ಫೋನು ನಾಲ್ಕು ಸೆಕೆಂಡಿನಲ್ಲಿ ಮುಗಿಸಿತು. ನೋಡಿದರೆ ನನ್ನ ಮೀಸೆಯ ಮೇಲೂ ಹಿಂದಿನ ಗೋಡೆಯ ಮೇಲೂ ಒಂದೇ ನಮೂನೆಯ ಗೆರೆ ಎಳೆದಿತ್ತು. ಮೀಸೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ನನ್ನದು ಮುಕ್ಕಾಲು ನಿಮಿಷ ತೆಗೆದುಕೊಂಡಿತು. ಆದರೆ ಎಂಥ ಚಿತ್ರ! ಕಣ್ಣಲ್ಲಿ ಹೊಳಪು, ಗಲ್ಲದ ಮೇಲೆ ಬಿಸಿಲು, ತಲೆಯ ತುಂಬ ಕೂದಲು.

ನನಗೆ ತಲೆಯ ತುಂಬ ಕೂದಲು ಇದ್ದದ್ದು ಹೈಸ್ಕೂಲಿನಲ್ಲಿ.

ಹೆಂಡತಿ ಹತ್ತಿರ ಬಂದು ನೋಡಿದಳು. "ಯಾರ್ರೀ ಇವ್ರು? ಚಲೋ ಅದಾರ."

"ನಾನs!"

"ಹೌದೇನ್ರಿ? ಮತ್ತ ಇವ್ರನ್ನ ಮೊದ್ಲ ಯಾಕ ಕರ್ಕೊಂಡು ಬರ್ಲಿಲ್ಲ?"

ಅವಳು ಏನೇ ಅನ್ನಲಿ, ಗುಣಮಟ್ಟ ಎಂದರೆ ಇದೇ ಎಂದು ನಾನು ತೀರ್ಮಾನಿಸಿದೆ. ಆ ಚಿತ್ರವನ್ನು ನನ್ನ ವಾಟ್ಸಾಪಿಗೂ ಹಾಕಿಕೊಂಡೆ.

ಆ ವಾರವೇ ಗುಡೇಕೋಟೆಯಿಂದ ಕುಬಸದ ಆರ್ಡರ್ ಬಂತು. ಕುಬಸ ಎಂದರೆ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಇಟ್ಟು ಮಾಡುವ ಶಾಸ್ತ್ರ. ಬಸುರಿ ಹೆಣ್ಣುಮಗಳು ಕೂಡ್ಲಿಗಿಯ ಆಸ್ಪತ್ರೆಯಲ್ಲಿ ನರ್ಸು, ತವರು ಗುಡೇಕೋಟೆ. ತಾನೇ ಅಂಗಡಿಗೆ ಬಂದು ಮಾತಾಡಿದಳು. ಬಂದ ಹೆಣ್ಣುಮಕ್ಕಳಿಗೆಲ್ಲ ಉಡಿ ತುಂಬುವಾಗ ಅವರವರ ಚಿತ್ರ ಅಲ್ಲೇ ಪ್ರಿಂಟ್ ಮಾಡಿ ಕೈಗೆ ಕೊಡಬೇಕೆಂಬುದು ಅವಳ ಆಸೆ. ಹೊರಡುವ ಮುಂಚೆ ನಿಂತು ಇನ್ನೊಂದು ಮಾತು ಹೇಳಿದಳು.

"ಅಣ್ಣಾರ, ನನ್ನ ಫೋಟೋ ಹೊರಗ ಎಲ್ಲೂ ಹೋಗ್ಬಾರ್ದು ನೋಡ್ರಿ. ಸ್ಟೇಟಸ್ಸಿಗೂ ಹಾಕ್ಬ್ಯಾಡ್ರಿ. ಮನಿಯಾಗ ಇರ್ಲಿ."

"ನಮ್ಮ ಕೈಯಿಂದ ಒಂದು ಫೋಟೋನೂ ಹೊರಗ ಹೋಗಂಗಿಲ್ಲವ್ವಾ" ಎಂದು ಎದೆ ಮುಟ್ಟಿ ಹೇಳಿದೆ. ಹಿಂದಿನಿಂದ ಹೆಂಡತಿ ಕೆಮ್ಮಿದಳು. ಧೂಳಿಗೆ ಕೆಮ್ಮಿದಳೆಂದು ತಿಳಿದೆ.

ಕುಬಸದ ದಿನ ಪ್ರಿಂಟರ್, ಬ್ಯಾಟರಿ, ಲೈಟು ಎಲ್ಲ ಹೇರಿಕೊಂಡು ಬೆಳಿಗ್ಗೆಯೇ ಹೋದೆವು. ಮನೆಯ ಮುಂದೆ ಶಾಮಿಯಾನ, ಅದರಾಚೆ ಬಂಡೆಗುಡ್ಡ. ಫೋನು ತೆಗೆದು ನೋಡಿದೆ. ನೆಟ್‌ವರ್ಕ್ ಒಂದು ಕಡ್ಡಿ. ನೋಡುನೋಡುತ್ತಿದ್ದಂತೆ ಅದೂ ಹೋಯಿತು. ಮೊದಲ ಫೋಟೋ ಕಳಿಸಿದರೆ ಗಾಲಿ ಗರಗರ ತಿರುಗಿ, ಮತ್ತೆ ಪ್ರಯತ್ನಿಸಿ ಎಂದಿತು. ಮನೆಯ ಯಜಮಾನರು ಹುಡುಗಿಯ ತಂದೆ. ಅವರು ಸಮಾಧಾನ ಹೇಳಿದರು.

"ಆ ಬಂಡಿ ಮ್ಯಾಲೆ ಹತ್ರಿ ಸರ. ನಾವು ಗ್ಯಾಸ್ ಬುಕ್ ಮಾಡಾದೂ ಅಲ್ಲೇ."

ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂಡೆ ಹತ್ತಿದೆ. ಅಲ್ಲಿ ಎರಡು ಕಡ್ಡಿ ಸಿಕ್ಕವು. ಫೋಟೋ ತೆಗೆಯುವುದು ಕೆಳಗೆ, ಕಳಿಸುವುದು ಮೇಲೆ, ಪ್ರಿಂಟು ಮತ್ತೆ ಕೆಳಗೆ. ಮೂರು ಸಲ ಹತ್ತಿ ಇಳಿದಾಗ ನನ್ನ ಕೈಯಲ್ಲಿದ್ದುದು ಒಂದೇ ಒಂದು ಚಿತ್ರ. ಅದರಲ್ಲೂ ಒಂದು ಸಲ ಕಂಪನಿ ಚಿತ್ರ ಬಿಡಿಸಿ ಮುಗಿಸಿ ರೊಕ್ಕವನ್ನೂ ಕಡಿದುಕೊಂಡಿತ್ತು, ಆದರೆ ಚಿತ್ರ ಇಳಿಯುವಷ್ಟರಲ್ಲಿ ನೆಟ್‌ವರ್ಕ್ ಬಿದ್ದು ಆ್ಯಪೇ ಮುಚ್ಚಿಕೊಂಡಿತು.

ಸಿಕ್ಕ ಒಂದು ಚಿತ್ರ ಹುಡುಗಿಯ ಅಜ್ಜಿಯದು. ಅದನ್ನು ಪ್ರಿಂಟು ಹಾಕಿ ಅಜ್ಜಿಯ ಕೈಗೆ ಕೊಟ್ಟೆ. ಅಜ್ಜಿ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿತು.

"ಯಪ್ಪಾ, ಯಾರ ಫೋಟೋನೋ ಇದು?"

"ನಿಮ್ದs ಅಜ್ಜಿ."

"ಇಕಿಗೆ ಹಲ್ಲು ಅದಾವಲ್ಲೋ!"

ನೋಡಿದೆ. ನಗುತ್ತಿದ್ದ ಬೊಚ್ಚುಬಾಯಿಗೆ ಆ ಕಂಪ್ಯೂಟರು ಸಾಲಾಗಿ ಹಲ್ಲು ಜೋಡಿಸಿತ್ತು, ಮೇಲೂ ಕೆಳಗೂ. ನಗುವ ಬಾಯಿ ಎಂದರೆ ಹಲ್ಲಿರಬೇಕೆಂದು ಅದು ಲಕ್ಷಗಟ್ಟಲೆ ಚಿತ್ರ ನೋಡಿ ಕಲಿತಿರಬೇಕು. ಜೊತೆಗೆ ಮೂಗನ್ನೂ ಸಣ್ಣ ಮಾಡಿ ಬಣ್ಣವನ್ನೂ ತಿಳಿ ಮಾಡಿತ್ತು. ಅಜ್ಜಿ ಚಿತ್ರವನ್ನು ಪಕ್ಕದ ಮುದುಕಿಗೆ ದಾಟಿಸಿತು. "ನಮ್ಮ ಯಜಮಾನ್ರು ಇದ್ದಾಗ ಇಕಿನ್ನ ನೋಡಿದ್ರ ನನ್ನ ಬಿಟ್ಟು ಹೋಗ್ತಿದ್ರು. ಪುಣ್ಯಕ್ಕ ನೋಡ್ಲಿಲ್ಲ." ಶಾಮಿಯಾನದ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಆಗ ನನಗೆ ಇನ್ನೊಂದು ವಿಷಯ ಕಂಡಿತು. ಶಾಮಿಯಾನದ ಮೂಲೆಯಲ್ಲಿ ಹೆಂಗಸರು ಸಾಲು ಹಚ್ಚಿದ್ದಾರೆ. ಸಾಲಿನ ತುದಿಯಲ್ಲಿ ನನ್ನ ಹೆಂಡತಿ. ನಾನು ಬಂಡೆ ಹತ್ತಿ ಇಳಿಯುವಷ್ಟರಲ್ಲಿ ಅವಳು ಒಂದು ತಿಳಿಬಣ್ಣದ ಸೀರೆಯನ್ನು ಹಿಂದೆ ಪರದೆಯಾಗಿ ಕಟ್ಟಿ, ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಕೂರಿಸಿ, ಮುಖ ಪೂರ್ತಿ ತುಂಬುವಂತೆ ಫೋಟೋ ತೆಗೆಯುತ್ತಿದ್ದಳು. ಅವಳ ಫೋನು ಫೋಟೋವನ್ನು ಮೊದಲು ಚಿಕ್ಕದು ಮಾಡಿಕೊಂಡು, ಇಡೀ ಚಿತ್ರದ ಮೇಲೆ ಒಂದೇ ಸಮ ಕುಂಚ ಆಡಿಸುವ ಜಾತಿಯದು. ಗುಂಪಿನ ಫೋಟೋ ಕೊಟ್ಟರೆ ಸಣ್ಣ ಮುಖಗಳೆಲ್ಲ ಕುಂಚದ ಗೆರೆಯಲ್ಲಿ ಕರಗಿಹೋಗುತ್ತಿದ್ದವು. ಮುಖ ದೊಡ್ಡದಾಗಿದ್ದರೆ ಕಣ್ಣು ಮೂಗು ಉಳಿದುಕೊಳ್ಳುತ್ತಿದ್ದವು. ಅದನ್ನವಳು ಎರಡು ಫೋಟೋ ಕೆಡಿಸಿ ಕಲಿತಿದ್ದಳು. ಬಣ್ಣದ ಜೋರನ್ನೂ ಅರ್ಧಕ್ಕೆ ಇಳಿಸಿದ್ದಳು. ಪ್ರಿಂಟರಿಗೆ ತನ್ನದೇ ಸಣ್ಣ ವೈಫೈ ಇತ್ತು, ಅದಕ್ಕೆ ಇಂಟರ್ನೆಟ್ ಬೇಕಿರಲಿಲ್ಲ.

ಚಿತ್ರಗಳು ನನ್ನದರಷ್ಟು ಸೊಗಸಾಗಿರಲಿಲ್ಲ. ಅಂಚು ಒರಟು, ಬಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆದರೆ ಪ್ರತಿಯೊಬ್ಬಳೂ ತನ್ನ ಚಿತ್ರ ನೋಡಿ "ಇದು ನಾನs" ಎನ್ನುತ್ತಿದ್ದಳು. ಅಜ್ಜಿಯೂ ಇನ್ನೊಮ್ಮೆ ಕೂತಿತು. ಹೆಂಡತಿಯ ಫೋನಿಗೆ ಹಲ್ಲು ಹುಟ್ಟಿಸುವಷ್ಟು ಬುದ್ಧಿ ಇರಲಿಲ್ಲ. ಇದ್ದ ಬಾಯಿಯನ್ನೇ ಬಣ್ಣದಲ್ಲಿ ಬಿಡಿಸಿತು.

ಇಪ್ಪತ್ತು ಚಿತ್ರ ಆದಮೇಲೆ ಅದಕ್ಕೂ ಕುತ್ತು ಬಂತು. ಫೋನು ಕಾದು ಹಂಚಾಯಿತು. ನಾಲ್ಕು ಸೆಕೆಂಡಿನ ಕೆಲಸಕ್ಕೆ ಹದಿನೈದು, ಇಪ್ಪತ್ತು ಸೆಕೆಂಡು ಹಿಡಿಯತೊಡಗಿತು. ಬ್ಯಾಟರಿ ಕಣ್ಣೆದುರೇ ಇಳಿಯುತ್ತಿತ್ತು. ಹೆಂಡತಿ ಕವರ್ ಬಿಚ್ಚಿ ನೆರಳಿಗಿಟ್ಟಳು. ಅಜ್ಜಿ ಮುಟ್ಟಿ ನೋಡಿ, "ಅಯ್ಯೋ, ಜ್ವರ ಬಂದಾವಲ್ಲಬೇ ಇದಕ್ಕ" ಎಂದು ಬೀಸಣಿಗೆ ತರಿಸಿ ತಾನೇ ಗಾಳಿ ಹಾಕುತ್ತ ಕೂತಿತು. ನರ್ಸು ಮೊಮ್ಮಗಳು ಹಸೆಮಣೆಯ ಮೇಲಿಂದಲೇ, "ಮಾತ್ರಿ ಕೊಡ್ಲೇನಬೇ?" ಎಂದು ಕೂಗಿದಳು. ಐದೈದು ಚಿತ್ರಕ್ಕೊಮ್ಮೆ ಫೋನಿಗೆ ವಿಶ್ರಾಂತಿ ಕೊಟ್ಟು ಹೇಗೋ ಎಲ್ಲರದೂ ಮುಗಿಸಿದೆವು.

ಊಟದ ನಂತರ ಆ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದಳು. ಮುಖದಲ್ಲಿ ಮೊದಲಿನ ನಗು ಇರಲಿಲ್ಲ.

"ಅಣ್ಣಾರ, ಬಂಡಿ ಮ್ಯಾಲಿಂದ ನೀವು ಕಳ್ಸಿದ ಫೋಟೋ ಈಗ ಎಲ್ಲಿ ಅದಾವ್ರಿ?"

"ನನ್ನ ಫೋನಿನಾಗ ಅದಾವವ್ವಾ."

"ಕಳ್ಸಿದ್ರಲ್ರಿ. ಅಲ್ಲಿ ಉಳ್ದಿಲ್ಲೇನ್ರಿ?"

ಕಳಿಸಿದ್ದ ಮೂರರಲ್ಲಿ ಒಂದು ಅವಳದೇ. ಇಳಿಯದೇ ಹೋದದ್ದು ಅದೇ ಫೋಟೋ. ಅವಳಿಗೆ ಮಾತು ಕೊಟ್ಟಿದ್ದು ಬಂಡೆ ಹತ್ತುವಾಗ ನನಗೆ ನೆನಪೇ ಆಗಿರಲಿಲ್ಲ. ಕಳಿಸುವುದೆಂದರೆ ಹೊರಗೆ ಹೋಗುವುದು ಎಂದು ನಾನು ಅಂದುಕೊಂಡೇ ಇರಲಿಲ್ಲ. ವಾಪಸ್ಸು ಬರುತ್ತದಲ್ಲ ಎಂದುಕೊಂಡಿದ್ದೆ. ಹಿಂಗಾತವ್ವಾ ಎಂದು ಇದ್ದದ್ದು ಇದ್ದಹಾಗೆ ಹೇಳಿದೆ.

ಅವಳು ಸಿಟ್ಟಾಗಲಿಲ್ಲ. "ಆಸ್ಪತ್ರಿಯಾಗ ಪೇಶೆಂಟ್ ಕಾಗ್ದ ನಾನು ಹಿಂಗ ಕಳ್ಸಿದ್ರ ನೌಕರಿ ಹೋಗ್ತಿತ್ತು" ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ನಾಲ್ಕನೇ ಸಲ ಬಂಡೆ ಹತ್ತಿದೆ. ಈ ಸಲ ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಬಂದಳು. ಆ್ಯಪಿನ ಕರಾರುಗಳನ್ನು ಇಬ್ಬರೂ ಮೊದಲ ಬಾರಿಗೆ ಓದಿದೆವು. ಕಳಿಸಿದ ಫೋಟೋಗಳನ್ನು ಕೆಲವು ದಿನ ಇಟ್ಟುಕೊಳ್ಳುತ್ತೇವೆ, ಸೇವೆ ಉತ್ತಮಪಡಿಸಲು ಬಳಸಲೂಬಹುದು ಎಂದಿತ್ತು. ಬಳಸಬೇಡಿ ಎನ್ನಲು ಒಂದು ಗುಂಡಿಯೂ ಇತ್ತು, ಏಳು ಪುಟ ದಾಟಿದ ಮೇಲೆ. ಅದನ್ನು ಒತ್ತಿದೆವು. ಅಲ್ಲಿದ್ದುದನ್ನೂ ಅಳಿಸಿ ಎಂದು ಬೇಡಿಕೆ ಕಳಿಸಿದೆವು. ನನ್ನ ಫೋನಿನಲ್ಲಿ ಅಳಿಸಿದರೆ ಅಲ್ಲಿಯದು ಅಳಿಯುವುದಿಲ್ಲ ಎಂಬುದು ನನಗೆ ತಿಳಿದದ್ದು ಆಗಲೇ. ನಾಲ್ಕು ದಿನಕ್ಕೆ ಅಳಿಸಿದ್ದೇವೆ ಎಂಬ ಉತ್ತರ ಬಂತು. ಅದನ್ನು ಆ ಹುಡುಗಿಗೆ ಕಳಿಸಿದೆ. "ಆತ್ರಿ ಅಣ್ಣಾರ" ಎಂದು ಬರೆದಳು. ನಿಜವಾಗಿ ಅಳಿಸಿದ್ದಾರೆಯೇ ಎಂದು ನೋಡಲು ಅವಳಿಗೂ ದಾರಿಯಿಲ್ಲ, ನನಗೂ ಇಲ್ಲ.

ಅದಾದಮೇಲೆ ಅಜ್ಜಿಯ ಮಗ, ಅಂದರೆ ಆ ಹುಡುಗಿಯ ತಂದೆ, ಅಂಗಡಿಗೆ ಬಂದರು. ಗೋಡೆಗೆ ಹಾಕಲು ಅಜ್ಜಿಯ ಚಿತ್ರದ ದೊಡ್ಡ ಫ್ರೇಮು ಬೇಕಂತೆ. ಹೆಂಡತಿಯ ಫೋನಿನ ಚಿತ್ರ ಅಂಗೈಯಗಲಕ್ಕೆ ಚೆನ್ನ, ಎರಡಡಿಗೆ ಹಿಗ್ಗಿಸಿದರೆ ಮುಖವೆಲ್ಲ ಮಸುಕು. ದೊಡ್ಡದಕ್ಕೆ ಕ್ಲೌಡೇ ಬೇಕು. ಈ ಸಲ ಫೋಟೋ ಎಲ್ಲಿಗೆ ಹೋಗುತ್ತದೆ, ಏನಾಗಬಹುದು ಎಂದು ಫೋನಿನಲ್ಲಿ ಅಜ್ಜಿಗೇ ವಿವರಿಸಿ ಕೇಳಿದೆ.

"ಕಳ್ಸೋ ಯಪ್ಪಾ. ನನ್ನ ಕದ್ದು ಯಾರೇನು ಮಾಡ್ತಾರ? ಹಲ್ಲು ಮಾತ್ರ ಬ್ಯಾಡಂತ ಹೇಳು."

ಹೇಳಿದೆ. ಬರೆದು ಹೇಳಿದೆ. ಮೂರು ಸಲ ಕಳಿಸಿದೆ, ಮೂರು ಸಲವೂ ಹಲ್ಲು ಬಂದವು, ಮೂರು ಸಲವೂ ರೊಕ್ಕ ಹೋಯಿತು. ಕೊನೆಗೆ ಹೆಂಡತಿ ಕಂಪ್ಯೂಟರಿನ ಮುಂದೆ ಕೂತು, ಅಸಲಿ ಫೋಟೋ ಪಕ್ಕಕ್ಕಿಟ್ಟುಕೊಂಡು, ಒಂದೊಂದೇ ಹಲ್ಲನ್ನು ಅಳಿಸಿ ಬಾಯಿ ಸರಿ ಮಾಡಿದಳು. ಒಂದು ಗಂಟೆ ಹಿಡಿಯಿತು.

ಈಗ ಕೌಂಟರಿನಲ್ಲಿ ಎಲ್ಲರನ್ನೂ ಕೇಳುತ್ತೇನೆ. ಫೋನಿನಲ್ಲೇ ಮಾಡಿದರೆ ಬೇಗ, ಅಗ್ಗ, ಫೋಟೋ ಇಲ್ಲೇ ಇರುತ್ತದೆ, ಆದರೆ ಸ್ವಲ್ಪ ಒರಟು. ಹೊರಗೆ ಕಳಿಸಿದರೆ ನಯ, ದೊಡ್ಡದು, ರೊಕ್ಕ ಜಾಸ್ತಿ, ಆಮೇಲೆ ಫೋಟೋ ನಮ್ಮ ಕೈಯಲ್ಲಿಲ್ಲ. ಮೊನ್ನೆ ಚಿಗಟೇರಿಯ ಕಡೆಯ ಒಬ್ಬರು ಇದನ್ನೆಲ್ಲ ಕುರ್ಚಿಯಲ್ಲಿ ಕೂತು ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡರು. ಎರಡು ಬಾರಿ ಅನುಮಾನ ಕೇಳಿದರು. ನಾನೂ ಹುರುಪಿನಿಂದ ವಿವರಿಸಿದೆ. ಹತ್ತು ನಿಮಿಷ ಯೋಚಿಸಿ ಅವರು ಎದ್ದು ಅಂಗಿ ಸರಿಮಾಡಿಕೊಂಡರು.

"ನಂಗ ಪಾಸ್‌ಪೋರ್ಟ್ ಸೈಜ್ ಎಂಟು ಕೊಡ್ರಿ ಸಾಕು. ಬ್ಯಾಂಕಿಗೆ."