ಮಲ್ಲಿಗಮ್ಮನ ಗಾಡಿಯೂ ಐದು ನಿಮಿಷದ ಪ್ರಶ್ನೆಯೂ

ಹಾಸನದ ಆ ಕಾಲೇಜಿನ ಗೇಟಿನ ಎಡಕ್ಕೆ, ನೇರಳೆ ಮರದ ಬುಡದಲ್ಲಿ, ಹತ್ತೊಂಬತ್ತು ವರ್ಷದಿಂದ ಮಲ್ಲಿಗಮ್ಮನ ಇಡ್ಲಿ ಗಾಡಿ ನಿಲ್ಲುತ್ತಿತ್ತು. ಈಗ ಹದಿನೈದು ದಿನದಿಂದ ಅಲ್ಲಿ ಒಂದು ಬಿಳಿ ಕಾರು ನಿಲ್ಲುತ್ತಿದೆ. ಪಕ್ಕದಲ್ಲಿ ಹೊಸದಾಗಿ ಬೇಕರಿ ತೆರೆದ ಮೋಹನ್‌ಕುಮಾರನಿಗೆ, ತನ್ನ ಬಾಗಿಲ ಪಕ್ಕದಲ್ಲೇ ಒಬ್ಬಳು ಬಿಸಿ ಇಡ್ಲಿ ಮಾರುವುದು ಸರಿಬರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳಿದನೇ? ಇಲ್ಲ. ಬೆಳಗ್ಗೆ ಆರಕ್ಕೆಲ್ಲ ಕಾರು ತಂದು ಸರಿಯಾಗಿ ಅವಳ ಜಾಗಕ್ಕೇ ನಿಲ್ಲಿಸಿ, ಒಂಬತ್ತರ ಗಂಟೆ ಹೊಡೆದು ಹುಡುಗರೆಲ್ಲ ಒಳಗೆ ಹೋದಮೇಲೆ ತೆಗೆಯುತ್ತಿದ್ದ. ಜಗಳಕ್ಕೆ ಬಂದಿದ್ದರೆ ಮಲ್ಲಿಗಮ್ಮ ಎರಡು ಮಾತಿನಲ್ಲಿ ಅವನ ಬೆವರಿಳಿಸುತ್ತಿದ್ದಳು. ಈ ಆಸಾಮಿ ನಗುನಗುತ್ತಾ ನಮಸ್ಕಾರ ಬೇರೆ ಹಾಕುತ್ತಿದ್ದ. ನಮಸ್ಕಾರ ಹಾಕಿದವನಿಗೆ ಏನಂತ ಬೈಯುವುದು?

ಅವಳು ಗಾಡಿಯನ್ನು ಆಚೆ ಮೋರಿಯ ಕಡೆ ತಳ್ಳಿಕೊಂಡು ಹೋಗಿ ನಿಲ್ಲಿಸಿದಳು. ಅಲ್ಲಿನ ವಾಸನೆಗೆ ಯಾರು ತಿಂಡಿಗೆ ನಿಲ್ಲುತ್ತಾರೆ? ಅರ್ಧ ಇಡ್ಲಿ ಮನೆಗೆ ವಾಪಸಾಗುತ್ತಿದ್ದವು. ಪ್ರಿನ್ಸಿಪಾಲರಿಗೆ ಹೇಳಿದಳು. "ನೋಡೋಣಮ್ಮ" ಎಂದರು. ನೋಡುತ್ತಲೇ ಇದ್ದರು. ಇನ್ನೊಂದು ತಿಂಗಳು ಹೀಗೇ ನಡೆದರೆ ಗಾಡಿ ಮೂಲೆ ಸೇರುವುದು ಖಂಡಿತ ಅಂತ ಅವಳಿಗೆ ಗೊತ್ತಿತ್ತು.

ಇಂಥ ಹೊತ್ತಿಗೆ ನಿಧಿ ಬಂದಳು. ಪತ್ರಿಕೋದ್ಯಮ ಓದುವ ಹುಡುಗಿ, ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಬಂದು ಇಳಿದವಳೇ ಮೊದಲು ಮಲ್ಲಿಗಮ್ಮನ ಹತ್ತಿರ ತಿಂಡಿ ತಿಂದು ಆಮೇಲೆ ಕ್ಲಾಸಿಗೆ ಹೋಗುವವಳು. ಜೊತೆಗೆ ಅವಳ ಸಹಪಾಠಿ ಕೀರ್ತಿರಾಜ್, ಕೈಯಲ್ಲಿ ಅಣ್ಣನ ಕ್ಯಾಮೆರಾ.

"ಮಲ್ಲಿಗಕ್ಕ, ನಮ್ಗೆ ಅಸೈನ್‌ಮೆಂಟ್ ಕೊಟ್ಟವ್ರೆ. ಐದು ನಿಮಿಷದ ಶಾರ್ಟ್ ಫಿಲ್ಮ್. ನಿಮ್ಮೇಲೆ ಮಾಡ್ತೀವಿ," ಅಂದಳು ನಿಧಿ.

"ನನ್ ಮೇಲೆ ಎಂತದವ್ವ ಮಾಡೀಯ? ಕಾರಿನ್ ಮೇಲೆ ಮಾಡು, ಓಗು. ಅದೇ ಈಗ ಗೇಟಲ್ಲಿ ನಿಂತಿರೋದು," ಅಂದಳು ಮಲ್ಲಿಗಮ್ಮ. ಆದರೂ ಒಳಗೊಳಗೇ ಖುಷಿಯಾಯಿತು. ತನ್ನ ಕಥೆ ಒಂದು ದಿನ ಯಾರಾದರೂ ಕೇಳಲಿ ಅಂತ ಯಾರಿಗೆ ಇರುವುದಿಲ್ಲ?

ಹೇಳಿಯೇ ಹೇಳಿದಳು, ಎರಡು ದಿನ. ಹೊಳೆನರಸೀಪುರದ ಹತ್ತಿರದ ಹಳ್ಳಿಯಲ್ಲಿ ಐದನೆಯ ಮಗಳಾಗಿ ಹುಟ್ಟಿದ್ದು. ಹದಿನೆಂಟಕ್ಕೆ ಅರಕಲಗೂಡಿನ ಕಡೆ ಮದುವೆಯಾಗಿ ಹೊಗೆಸೊಪ್ಪು ಕಟ್ಟಿ ಕಟ್ಟಿ ಬೆರಳೆಲ್ಲ ಕಪ್ಪಾಗಿದ್ದು. ಗಂಡ ಚನ್ನಪ್ಪನಿಗೆ ಇಸ್ಪೀಟಿನ ಮುಂದೆ ಹೆಂಡತಿಯೂ ಕಾಣದೆ, ಮಗುವೂ ಕಾಣದೆ ಹೋಗಿದ್ದು. ಒಂದು ದಿನ ಮಗಳು ರೂಪಶ್ರೀಯನ್ನು ಸೊಂಟದ ಮೇಲೆ ಕೂರಿಸಿಕೊಂಡು, "ನೀನು ಎಲೆ ಆಡ್ಕಂಡಿರು, ನಾನು ಬದುಕ್ಕೊತೀನಿ" ಅಂತ ಹೇಳಿ ಬಸ್ಸು ಹತ್ತಿದ್ದು. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಮೂರು ವರ್ಷ ಮಟ್ಟೆಯ ಮೂಟೆ ಹೊತ್ತಿದ್ದು. ಆಮೇಲೆ ಹಾಸನಕ್ಕೆ ಬಂದು, ಈ ಗಾಡಿಯ ಇಡ್ಲಿಯಲ್ಲೇ ಮಗಳನ್ನು ನರ್ಸು ಮಾಡಿದ್ದು. ಹೇಳುವಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ಕೇಳುತ್ತಿದ್ದ ಕೀರ್ತಿರಾಜನೇ ಎರಡು ಸಲ ಮೂಗೊರೆಸಿಕೊಂಡ.

ಇಬ್ಬರೂ ಸೇರಿ ಇಷ್ಟನ್ನೂ ಬರೆದರು. ನಮ್ಮ ಕಡೆಯ ಕಾಲೇಜು ಹುಡುಗರು ಮಾಡುವ ತಪ್ಪೇ ಅದು. ಹುಟ್ಟಿನಿಂದ ಶುರುಮಾಡಬೇಕು, ಕಷ್ಟ ಒಂದೂ ಬಿಡಬಾರದು, ಕೊನೆಯಲ್ಲಿ ಯಾರಾದರೂ ದೊಡ್ಡವರು ಬಂದು ಕಾಪಾಡಬೇಕು, ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಂದೇಶ ಬರಬೇಕು. ಸಂದೇಶವಿಲ್ಲದಿದ್ದರೆ ಅದು ಶಾರ್ಟ್ ಫಿಲ್ಮೇ ಅಲ್ಲ ಅಂತ ಇವರಿಗೆ ಯಾರು ಹೇಳಿಕೊಟ್ಟರೋ ಕಾಣೆ.

ಅವರ ಮೇಷ್ಟ್ರು ಸುದರ್ಶನ್ ಬೆಳಗಿನ ತಿಂಡಿಗೆ ಮೋರಿ ಪಕ್ಕಕ್ಕೂ ಬಂದು ನಿಲ್ಲುತ್ತಿದ್ದ ಕೆಲವೇ ಜನರಲ್ಲಿ ಒಬ್ಬರು. ತಟ್ಟೆಯನ್ನು ಗಾಡಿಯ ಅಂಚಿಗೆ ಇಟ್ಟು, ಸ್ಕ್ರಿಪ್ಟನ್ನು ಅಲ್ಲೇ ನಿಂತು ಓದಿದರು.

"ಇದು ಐದು ನಿಮಿಷದಲ್ಲಿ ಮುಗಿಯಲ್ಲ ನಿಧಿ. ಇದು ಮಲ್ಲಿಗಮ್ಮನೋರ ಜಾತಕ. ಸಿನಿಮಾ ಎಲ್ಲಿದೆ?"

"ಎಲ್ಲಾ ನಿಜವಾಗಿ ನಡೆದಿದ್ದೇ ಸಾ."

"ನಿಜ ಇರಬಹುದು. ನಾನು ನೋಡುವಾಗ ಏನಕ್ಕೆ ಕಾಯಬೇಕು? ಅದನ್ನ ಹೇಳು. ಯಾರಿಗೆ ಏನು ಬೇಕು, ಯಾವುದು ಅಡ್ಡ ನಿಂತಿದೆ, ಸಿಗುತ್ತೋ ಇಲ್ವೋ. ಒಂದೇ ಸಾಲು. ಹೌದು ಅಥವಾ ಇಲ್ಲ ಅಂತ ಉತ್ತರ ಬರುವಂಥ ಪ್ರಶ್ನೆ ಆಗಿರಬೇಕು. ಮೊದಲ ಅರ್ಧ ನಿಮಿಷದಲ್ಲಿ ಅದು ನನ್ನ ತಲೆಗೆ ಬರಬೇಕು, ಕೊನೆಯ ಅರ್ಧ ನಿಮಿಷದಲ್ಲಿ ಉತ್ತರ ಸಿಗಬೇಕು. ನಡುವೆ ಆ ಪ್ರಶ್ನೆಗೆ ಸಂಬಂಧ ಇಲ್ಲದ್ದು ಒಂದು ಶಾಟೂ ಬೇಡ."

ಮಲ್ಲಿಗಮ್ಮನಿಗೆ ಸಿಟ್ಟು ಬಂತು. ಸೌಟನ್ನು ಸಾಂಬಾರಿನ ಪಾತ್ರೆಗೆ ಬಿಟ್ಟು ಕೇಳಿದಳು. "ಅಂಗಾದ್ರೆ ನನ್ ಬದುಕೆಲ್ಲ ಕಿತ್ತಾಕ್ಬುಡ್ತೀರಾ ಸಾ? ಅಷ್ಟೊಂದ್ ಬಾಯ್ಬಿಟ್ಟು ಏಳಿದ್ದು ಏನಕ್ಕೆ?"

"ಅದೆಲ್ಲ ನೀವು ನಿಲ್ಲೋ ರೀತಿಯಲ್ಲೇ ಗೊತ್ತಾಗುತ್ತೆ, ಮಲ್ಲಿಗಮ್ಮನೋರೆ. ಬೇರೆ ತೋರಿಸೋದು ಬೇಕಿಲ್ಲ. ಈಗ ನೀವೇ ಹೇಳಿ, ಇವತ್ತು ಬೆಳಗ್ಗೆ ನಿಮಗೆ ಏನು ಬೇಕು?"

ಯೋಚನೆ ಮಾಡುವಂಥದ್ದೇನಿತ್ತು? "ನನ್ ಜಾಗ ಬೇಕು," ಅಂದಳು.

ನಿಧಿ ತಟ್ಟನೆ ಪುಸ್ತಕದಲ್ಲಿ ಬರೆದಳು: ಒಂಬತ್ತರ ಗಂಟೆ ಹೊಡೆಯುವುದರೊಳಗೆ ಮಲ್ಲಿಗಮ್ಮನ ಗಾಡಿ ಮರದಡಿಯ ಜಾಗಕ್ಕೆ ಸೇರುತ್ತದೋ ಇಲ್ಲವೋ. ಒಂದೇ ಜಾಗ, ಒಂದೇ ಬೆಳಗ್ಗೆ. ಸುದರ್ಶನ್ ತಲೆಯಾಡಿಸಿದರು. "ಗಂಟೆ ಇಟ್ಟಿದ್ದು ಒಳ್ಳೇದಾಯ್ತು. ನೋಡುವವರಿಗೂ ಅವಸರ ಹತ್ತುತ್ತೆ. ಸರಿ, ಕೊನೆಗೆ ಜಾಗ ಹೇಗೆ ಸಿಗುತ್ತೆ?"

"ಪ್ರಿನ್ಸಿಪಾಲ್ ಸಾ ಬಂದು ಬೇಕರಿಯೋರಿಗೆ ಬುದ್ಧಿ ಹೇಳ್ತಾರೆ. ಅವ್ರು ಕಾರ್ ತೆಗೀತಾರೆ," ಅಂದ ಕೀರ್ತಿರಾಜ್.

"ಹಾಗಾದ್ರೆ ಪ್ರಶ್ನೆ ಇವರದು, ಉತ್ತರ ಪ್ರಿನ್ಸಿಪಾಲರದು. ಅಲ್ಲಿಗೆ ಅದು ಪ್ರಿನ್ಸಿಪಾಲರ ಸಿನಿಮಾ ಆಯ್ತು. ಯಾರಿಗೆ ಬೇಕೋ ಅವರೇ ಏನಾದರೂ ಮಾಡಿ ಉತ್ತರ ತರಬೇಕು. ಹೊರಗಿನವರು ಬಂದು ಬಿಡಿಸಿದರೆ, ಅಲ್ಲಿವರೆಗೂ ನೋಡಿದವನಿಗೆ ಮೋಸ."

ಆ ಮಾತು ಮಲ್ಲಿಗಮ್ಮನಿಗೆ ಚುರ್ ಎಂದಿತು. ಹದಿನೈದು ದಿನದಿಂದ ತಾನೂ ಅದನ್ನೇ ಅಲ್ಲವೇ ಮಾಡುತ್ತಿದ್ದದ್ದು? ಪ್ರಿನ್ಸಿಪಾಲರು ಬರಲಿ, ಇನ್ನೊಬ್ಬರು ಬರಲಿ, ಮೋಹನ್‌ಕುಮಾರನಿಗೇ ನಾಚಿಕೆಯಾಗಲಿ ಅಂತ ಮೋರಿ ಪಕ್ಕ ಮೂಗು ಮುಚ್ಚಿಕೊಂಡು ಕಾದದ್ದು? ಗಂಡನ ಮನೆಯಿಂದ ಹೊರಡಲು ಯಾರಿಗೂ ಕಾಯದವಳು ಈಗ, ಕೊರಳಲ್ಲಿ ನಗರಸಭೆ ಕೊಟ್ಟ ಕಾರ್ಡು ಇದ್ದೂ, ಒಬ್ಬ ಬೇಕರಿಯವನಿಗೆ ಹೆದರಿ ಕೂತಿದ್ದಳು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

"ನಾಳಿಕ್ ಆರೂವರೆಗೆ ಬನ್ರವ್ವ," ಅಂದಳು. "ಕೊನೆ ಎಂಗೆ ಅಂತ ಆಗ ಗೊತ್ತಾಯ್ತದೆ."

"ಕೊನೆ ಬರೀದೆ ಶೂಟ್ ಮಾಡಕ್ಕಾಗಲ್ಲ ಅಕ್ಕ," ಅಂದಳು ನಿಧಿ.

"ಪ್ರಶ್ನೆ ಇದೆಯಲ್ಲ. ಉತ್ತರ ಬರೋ ತನಕ ಕ್ಯಾಮೆರಾ ಆಫ್ ಮಾಡಬೇಡಿ," ಅಂದರು ಸುದರ್ಶನ್. "ಆ ಬೇಕರಿಯಾತನ ಮುಖ ಮಾತ್ರ ತೋರಿಸಬೇಡಿ. ಅದಕ್ಕೆ ಆತನ ಒಪ್ಪಿಗೆ ಬೇಕು."

ಮಲ್ಲಿಗಮ್ಮ ಇನ್ನೊಂದು ಮಾತು ಸೇರಿಸಿದಳು. "ಅವನ್ ಕಣ್ಣಿಗೆ ಕಾಣ್ದಂಗೆ ನಿಂತ್ಕಳಿ. ಕ್ಯಾಮರಾ ನೋಡಿ ಜಾಗ ಬುಟ್ಟ ಅಂತ ಆಗ್ಬಾರ್ದು. ಆಮೇಲೆ ಅದೂ ನಿಮ್ ಪ್ರಿನ್ಸಿಪಾಲ್ರು ಬಂದಂಗೇ ಆಯ್ತದೆ."

ಮಾರನೆಯ ದಿನ ಹುಡುಗರು ಎದುರಿನ ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಕೂತರು. ಗಾಡಿಯ ಹಲಗೆಯ ಕೆಳಗೆ, ಧ್ವನಿ ಹಿಡಿಯಲು, ನಿಧಿಯ ಮೊಬೈಲು. ಬಿಳಿ ಕಾರು ತನ್ನ ಜಾಗದಲ್ಲಿ, ಅಂದರೆ ಅವಳ ಜಾಗದಲ್ಲಿ, ಹಾಯಾಗಿ ನಿಂತಿತ್ತು. ಮಲ್ಲಿಗಮ್ಮ ಮೊದಲು ಬೇಕರಿಯ ಬಾಗಿಲಿಗೆ ಹೋಗಿ ನಿಂತಳು.

"ಮೋಹನಣ್ಣ, ಕಾರ್ ತೆಗೀರಿ."

"ಒಂಬತ್ತಕ್ಕೆ ತೆಗೀತೀನಿ ಬಿಡಮ್ಮ," ಅಂದ ಅವನು, ನಗುತ್ತಲೇ.

ಅವಳು ಕಾರಿನ ಹಿಂದೆ ಉಳಿದಿದ್ದ ಸಂದಿಗೆ ಗಾಡಿ ತೂರಿಸಲು ನೋಡಿದಳು. ಅರ್ಧ ಗಾಲಿ ಚರಂಡಿಗೆ ಇಳಿದು, ಸಾಂಬಾರು ತುಳುಕಿ ಅವಳ ಕಾಲಿನ ಮೇಲೆ ಬಿತ್ತು. ಹಲ್ಲು ಕಚ್ಚಿ ಗಾಡಿಯನ್ನು ಮೇಲಕ್ಕೆ ಎಳೆದಳು. ಏಳೂಮುಕ್ಕಾಲಾಗಿತ್ತು. ಆಮೇಲೆ ಗಾಡಿಯನ್ನು ಮೋರಿಯ ಕಡೆ ತಿರುಗಿಸಲಿಲ್ಲ. ನೇರವಾಗಿ ತಂದು ಬೇಕರಿಯ ಮೆಟ್ಟಿಲ ಮುಂದಕ್ಕೆ, ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿ ಒಲೆ ಹಚ್ಚಿದಳು.

ಹದಿನೈದು ದಿನ ಮೋರಿ ವಾಸನೆಗೆ ಹೆದರಿ ಬರದಿದ್ದ ಹುಡುಗರೆಲ್ಲ ಬಂದರು. ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತರು. ಆವಿಯೆಲ್ಲ ಬೇಕರಿಯ ಗಾಜಿಗೆ ಹಿಡಿದು ಒಳಗಿನ ಕೇಕುಗಳು ಮಸುಕಾದವು. ಬನ್ನು ಕೊಳ್ಳಲು ಬಂದ ಇಬ್ಬರು ದಾರಿ ಕಾಣದೆ ಇಡ್ಲಿ ತಿಂದು ಹೋದರು. ಮೋಹನ್‌ಕುಮಾರನ ನಗು ಅಲ್ಲಿಗೆ ಮಾಯವಾಯಿತು.

"ಏನಮ್ಮ ಇದು? ತೆಗಿ ಗಾಡೀನ."

"ನನ್ ಜಾಗ ಖಾಲಿ ಆದ್ರೆ ತೆಗೀತೀನಿ."

"ಪೊಲೀಸಿಗೆ ಫೋನ್ ಮಾಡ್ತೀನಿ."

ಅವಳು ಕೊರಳಿನಲ್ಲಿದ್ದ ಬೀದಿ ವ್ಯಾಪಾರಿಯ ಗುರುತಿನ ಕಾರ್ಡನ್ನು ಸೆರಗಿನ ಮೇಲಕ್ಕೆ ತೆಗೆದುಬಿಟ್ಟಳು. "ಮಾಡಿ. ಗೇಟಿನ್ ಎಡಕ್ಕೆ ಅಂತ ಇದ್ರಲ್ಲೇ ಬರ್ದವ್ರೆ. ನಿಮ್ ಕಾರಿಗೂ ಇಂಥದೊಂದ್ ಇದ್ರೆ ತೋರ್ಸಿ. ಕಾಯ್ತೀನಿ, ಇಡ್ಲಿ ಇನ್ನೂ ಬಿಸಿಯಾಗವೆ."

ಅವನು ಗಾಡಿಯ ಹಿಡಿಗೆ ಕೈ ಹಾಕಿದ. ಅವಳು ಇನ್ನೊಂದು ಹಿಡಿಯನ್ನು ಹಿಡಿದಳು. ಮಟ್ಟೆ ಹೊತ್ತ ಕೈ ಅದು, ಗಾಡಿ ಒಂದು ಅಂಗುಲವೂ ಅಲ್ಲಾಡಲಿಲ್ಲ. ಒಂಬತ್ತಕ್ಕೆ ಆರು ನಿಮಿಷ ಇದ್ದಾಗ ಮೋಹನ್‌ಕುಮಾರ್ ಜೇಬಿನಿಂದ ಕಾರಿನ ಕೀ ತೆಗೆದ. ಕಾರು ಹಿಂದಕ್ಕೆ ಸರಿದು ರಸ್ತೆಗೆ ಇಳಿಯುವಷ್ಟರಲ್ಲಿ ಅವಳು ಗಾಡಿಯನ್ನು ಮರದ ಬುಡಕ್ಕೆ ತಳ್ಳಿ, ಗಾಲಿಗೆ ಕಲ್ಲು ಕೊಟ್ಟಾಗಿತ್ತು. ಗಂಟೆ ಆಮೇಲೆ ಹೊಡೆಯಿತು.

ವಾರದ ನಂತರ ಕಾಲೇಜಿನಲ್ಲಿ ಚಿತ್ರ ತೋರಿಸಿದರು. ಮಲ್ಲಿಗಮ್ಮನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹುಟ್ಟು, ಮದುವೆ, ಚನ್ನಪ್ಪ, ಮಂಡಿ ಒಂದೂ ಇರಲಿಲ್ಲ. ಬೇಕರಿಯವನದು ಬರೀ ಕೈ, ಕೀ, ಚಪ್ಪಲಿ. ಮಾತು ಅವಳದು ಮಾತ್ರ ಕೇಳುತ್ತಿತ್ತು. ಆದರೂ ಅವಳು ಹಿಡಿ ಬಿಡದ ಗಳಿಗೆಯಲ್ಲಿ ಇಡೀ ಕೋಣೆ ಉಸಿರು ಬಿಗಿಹಿಡಿದದ್ದು ಅವಳ ಬೆನ್ನಿಗೇ ಗೊತ್ತಾಯಿತು. ನಾಲ್ಕು ನಿಮಿಷ ಐವತ್ತು ಸೆಕೆಂಡಿಗೆ ಚಿತ್ರ ಮುಗಿಯಿತು.

ಪ್ರಿನ್ಸಿಪಾಲರು ಎದ್ದು ಹೊಗಳಿದರು. ಹೊಗಳಿ, "ಒಂದು ಕೊರತೆ ಇದೆ ನಿಧಿ," ಅಂದರು. "ಸಂದೇಶ ಇಲ್ಲ. ಬೀದಿ ವ್ಯಾಪಾರಿಗಳಿಗೆ ದಯವಿಟ್ಟು ಜಾಗ ಕೊಡಿ ಅಂತ ಕೊನೆಗೊಂದು ಸಾಲು ಹಾಕು. ಇನ್ನೂ ಹತ್ತು ಸೆಕೆಂಡ್ ಇದೆಯಲ್ಲ."

ನಿಧಿ ಪುಸ್ತಕ ತೆರೆದು ಆ ಸಾಲು ಬರೆದುಕೊಳ್ಳತೊಡಗಿದಳು. ಸುದರ್ಶನ್ ಬಾಯಿ ತೆರೆಯುವ ಮೊದಲೇ ಮಲ್ಲಿಗಮ್ಮ ಎದ್ದು ನಿಂತಳು.

"ಬ್ಯಾಡಿ ಸಾ, ಆಕ್ಬೇಡಿ. ಐದ್ ನಿಮಿಷ್ದಲ್ಲಿ ನಾನು ಯಾರ್ಗೂ ದಯವಿಟ್ಟು ಅಂದಿಲ್ಲ. ನನ್ ಬೆನ್ನಿಂದೆ ನೀವ್ ಯಾಕೆ ಅಂತೀರಿ?"

ಪ್ರಿನ್ಸಿಪಾಲರು ಕೂತರು. ಮಲ್ಲಿಗಮ್ಮ ಕೂರಲಿಲ್ಲ, ಉದ್ದಿನಬೇಳೆ ನೆನೆಹಾಕುವ ಹೊತ್ತಾಗಿತ್ತು.