ಇಸ್ತ್ರಿಯಕ್ಕನ ಮೂರು ಖಾನೆ

ಸಂಜೆ ನಾನು ಕನ್ನಡ ಕಲಿಸುವ ತರಗತಿಗೆ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಇಸ್ತ್ರಿ ಮುಗಿಸಿ ನೇರವಾಗಿ ಬರುತ್ತಿದ್ದ ಅವರನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಬಂದವರೇ ನನ್ನ ಮಡಿಲಿನ ಪಾಪುವನ್ನು ಎತ್ತಿಕೊಂಡರೆ ಪಾಠ ಮುಗಿಯುವವರೆಗೆ ಕೆಳಗಿಳಿಸುತ್ತಿರಲಿಲ್ಲ. ಅವರ ಒಂಬತ್ತು ವರ್ಷದ ಮಗಳು ಬೇರೆ ಊರಿನಲ್ಲಿ, ಬೇರೆ ಭಾಷೆಯಲ್ಲಿ, ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ವಾರ್ಡಿನ ಕೆಲಸ ಸಿಕ್ಕರೆ ಒಂದು ಕೋಣೆಯ ವಸತಿ ಕೊಡುತ್ತಾರೆ, ಮಗಳನ್ನು ಕರೆಸಿಕೊಳ್ಳಬಹುದು. ಆದರೆ ಮಾತ್ರೆ ಯಾವಾಗ ನುಂಗಬೇಕೆಂದು ರೋಗಿಗಳಿಗೆ ತಪ್ಪಿಲ್ಲದೆ ಹೇಳಲು ಬರಬೇಕು ಎಂದು ಹಿರಿಯ ನರ್ಸ್ ಕಡ್ಡಿ ಮುರಿದಂತೆ ಹೇಳಿದ್ದರು.

ಅಕ್ಕನಿಗೆ ತೊಡಕಾದದ್ದು ಅಲ್ಲೇ. ‘ಮೇಜಿಗೆ ಕೆಳಗೆ’, ‘ಊಟಕ್ಕೆ ನಂತರ’ ಎಂದು ಎಲ್ಲದಕ್ಕೂ ಒಂದೇ ಬಾಲ ಅಂಟಿಸುತ್ತಿದ್ದರು. ನಾನು ಪಾಪುವನ್ನೇ ಪಾಠ ಮಾಡಿದೆ. ಮೇಜಿನ ಕೆಳಗೆ ಕೂರಿಸಿದೆ, ಎರಡು ಕುರ್ಚಿಗಳ ನಡುವೆ ನಿಲ್ಲಿಸಿದೆ. ಪಾಪು ಕೇಕೆ ಹಾಕಿತು, ಅಕ್ಕ ತಲೆ ಕೆರೆದುಕೊಂಡರು. ‘ಮುಂಚೆ’ಗೆ ಒಂದು ಬಾಲ, ‘ನಂತರ’ಕ್ಕೆ ಇನ್ನೊಂದು ಯಾಕೆ ಎಂದು ಕೇಳಿದರು. ಕಾರಣ ನನಗೂ ಗೊತ್ತಿರಲಿಲ್ಲ. ಬಟ್ಟೆ ವಿಂಗಡಿಸಿದ ಹಾಗೆ ವಿಂಗಡಿಸಿಟ್ಟುಕೊಳ್ಳಿ ಎಂದು ತಮಾಷೆಗೆ ಅಂದೆ.

ಅವರು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಪಾಪುವಿಗೆ ಲಸಿಕೆ ಹಾಕಿಸಲು ಹೋದ ದಿನ ಬಟ್ಟೆಕೋಣೆಗೆ ಇಣುಕಿದೆ. ಖಾನೆಗಳ ಅಂಚಿಗೆ ಚೀಟಿಗಳನ್ನು ಪಿನ್ನು ಮಾಡಿದ್ದರು. ಹೊದಿಕೆಗಳ ದೊಡ್ಡ ಖಾನೆಯಲ್ಲಿ ‘ಊಟದ ನಂತರ’, ‘ಮೇಜಿನ ಕೆಳಗೆ’, ‘ಮಂಚದ ಮೇಲೆ’, ‘ಕುರ್ಚಿಗಳ ನಡುವೆ’. ದಿಂಬಿನ ಕವರುಗಳ ಖಾನೆಯಲ್ಲಿ ‘ಊಟಕ್ಕೆ ಮುಂಚೆ’, ‘ನಿದ್ದೆಗೆ ಮೊದಲು’. ಟವೆಲುಗಳ ಖಾನೆಯಲ್ಲಿ ಒಂದೇ ಚೀಟಿ: ‘ಮಗಳಿಂದ ದೂರ’.

ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

“ಇದನ್ನ ಯಾರು ಕಲಿಸಿದ್ರು ಅಕ್ಕ?”

“ಯಾರೂ ಇಲ್ಲ ಟೀಚರಮ್ಮ. ಮಗಳೆಲ್ಲಿ ಅಂತ ಎಲ್ಲರೂ ಕೇಳ್ತಾರೆ. ಹೇಳಿ ಹೇಳಿ ಬಾಯಿಗೆ ಬಂತು.”

ಮುಂದಿನ ವಾರ ಹಿರಿಯ ನರ್ಸ್ ಪರೀಕ್ಷೆ ಮಾಡಿದರು; ಅಲ್ಲಿ ಏನಾಯಿತೆಂದು ಅದರ ಮರುದಿನ ಅಕ್ಕನೇ ಅಭಿನಯಿಸಿ ತೋರಿಸಿದರು. ನರ್ಸ್ ಎರಡು ಮಾತ್ರೆ ಮುಂದಿಟ್ಟಾಗ ಬಾಯಿ ಕಟ್ಟಿತಂತೆ. ಕೈ ಮಾತ್ರ ತಾನಾಗಿ ಮೇಲೆದ್ದು ದಿಂಬಿನ ಕವರುಗಳ ಖಾನೆ ಇರುವ ಎತ್ತರಕ್ಕೆ ಹೋಯಿತು. “ಬಿಳಿ ಮಾತ್ರೆ ಊಟಕ್ಕೆ ಮುಂಚೆ.” ಕೈ ಹೊದಿಕೆಗಳ ಕಡೆ ಇಳಿಯಿತು. “ಹಳದಿ ಮಾತ್ರೆ ಊಟದ ನಂತರ.” ಗಾಳಿಯಲ್ಲಿ ಏನು ಹುಡುಕುತ್ತಿದ್ದೀರಿ ಎಂದು ನರ್ಸ್ ಕೇಳಿದರಂತೆ. ಖಾನೆ, ಎಂದರಂತೆ ಇವರು. ನರ್ಸ್ ನಕ್ಕು ಸಹಿ ಹಾಕಿದರು.

ಕೆಲಸ ಸಿಕ್ಕಿದೆ. ಕೋಣೆ ಖಾಲಿಯಾಗಲು ಮಾತ್ರ ಇನ್ನೂ ನಾಲ್ಕು ತಿಂಗಳು. ಅಕ್ಕ ಆಗಲೇ ಹೋಗಿ, ಅಲ್ಲಿ ಇರುವವರ ಅಪ್ಪಣೆ ಕೇಳಿ, ಮಂಚ ಮತ್ತು ಕಿಟಕಿಯ ನಡುವೆ ಗೇಣು ಹಾಕಿ ಅಳೆದು ಬಂದಿದ್ದಾರೆ. ಇನ್ನೊಂದು ಚಿಕ್ಕ ಮಂಚ ಹಿಡಿಸುತ್ತದಂತೆ.

ಇವತ್ತು ಬಟ್ಟೆಕೋಣೆಯ ಚೀಟಿಗಳನ್ನೆಲ್ಲ ಕಿತ್ತು ನನಗೆ ತಂದುಕೊಟ್ಟರು, ಮುಂದಿನವರಿಗೆ ಬೇಕಾಗಬಹುದು ಎಂದು. ಎಣಿಸಿ ನೋಡಿದೆ, ಒಂದು ಇರಲಿಲ್ಲ.

“ಟವೆಲ್ ಖಾನೆದು?”

ಪಾಪುವಿನ ಕಾಲ್ಚೀಲ ಸರಿಮಾಡುತ್ತಾ ಅಕ್ಕ ಹೇಳಿದರು, “ಅದು ಅಲ್ಲೇ ಇರ್ಲಿ. ಅವಳು ಬಂದ ಮೇಲೆ ತೆಗೀತೀನಿ.”