ಸೊನ್ನೆ ಸೇರಿಸಿದ್ದು ನಾನು

ನನ್ನ ಸೊಸೆ ಜುಬೈದ ಕೂತಲ್ಲಿ ಕೂರುವವಳಲ್ಲ. ಹೊಲಿಗೆ ಮೆಷಿನ್ ಮುಂದೆ ಮಾತ್ರ ನಾಲ್ಕು ಗಂಟೆ ಅಲುಗಾಡದೆ ಇರುತ್ತಾಳೆ. ಉಪ್ಪಿನಂಗಡಿಯಿಂದ ಮದುವೆಯಾಗಿ ದುಬೈಗೆ ಬಂದವಳು. ಮನೆಯಲ್ಲೇ ಇಲ್ಲಿಯ ಹೆಂಗಸರ ಉದ್ದ ನಿಲುವಂಗಿ ಅಬಾಯಗಳ ಅಂಚು ಮಡಚಿ ಹೊಲಿಯುತ್ತ ಕೈ ಪಳಗಿಸಿಕೊಂಡು, ಆಮೇಲೆ ನೈಫ್ ಪೇಟೆಯಲ್ಲಿ ಬೀದಿಗೆ ಬಾಗಿಲಿದ್ದ ಪುಟ್ಟ ಅಂಗಡಿ ಹಿಡಿದಳು. ಬಟ್ಟೆ ಉದ್ದವಿದ್ದರೆ ಗಿಡ್ಡ, ಬಿಗಿಯಿದ್ದರೆ ಸಡಿಲ ಮಾಡಿಕೊಡುವುದು ಕೆಲಸ. ಹಳೆಯ ಹೊಲಿಗೆ ಬಿಚ್ಚುವುದು ನನ್ನ ಪಾಲಿನದು.

ಈ ವರ್ಷ ಕೆಳಗಿನ ಅಂಗಡಿ ಬಿಡಬೇಕಾಗಿ ಬಂತು. ಅದೇ ಕಟ್ಟಡದ ಎರಡನೇ ಮಾಳಿಗೆ ಸಿಕ್ಕಿತು. ಬೀದಿಯಲ್ಲಿ ಹೋಗುವವರಿಗೆ ನಾವು ಕಾಣುವುದೇ ಇಲ್ಲ. ಆಗಸ್ಟಿನಲ್ಲಿ ಶಾಲೆ ತೆರೆಯುವ ಮುಂಚಿನ ಎರಡು ವಾರ ಯೂನಿಫಾರ್ಮಿನ ಕೆಲಸ ತುಂಬ ಬರುತ್ತದೆ.

"ಈ ಸಲ ಅದೂ ಬಾರದಿದ್ರೆ ಖಲಾಸ್ ಮಾಮಿ," ಅಂದಳು ಜುಬೈದ. "ಲೈಸೆನ್ಸ್ ರಿನ್ಯೂ ಮಾಡುವುದಿಲ್ಲ. ಮೆಷಿನ್ ಮಾರಿ ಮನೆಯಲ್ಲಿ ಕೂರ್ತೇನೆ."

ಅವಳು ಮನೆಯಲ್ಲಿ ಕೂತರೆ ಮನೆ ಉಳಿದೀತೇ ಎಂದು ನನಗೆ ಭಯ.

ಫೋನಿನಲ್ಲಿ ನೋಡಿ ನೋಡಿ ಅವಳೇ ಒಂದು ಲಿಂಕ್ ಮಾಡಿದಳು. ಅದನ್ನು ಒತ್ತಿದರೆ ನಮ್ಮ ನಂಬರಿನ ವಾಟ್ಸಾಪ್ ತೆರೆಯುತ್ತದೆ. ಬರೆಯುವ ಜಾಗದಲ್ಲಿ "ಸಲಾಂ, ಬಟ್ಟೆ ಆಲ್ಟರ್ ಮಾಡಿಸಬೇಕು. ನನ್ನ ಕಟ್ಟಡ:" ಎಂದು ಇಂಗ್ಲಿಷಿನಲ್ಲಿ ಮೊದಲೇ ಬಂದಿರುತ್ತದೆ. ಅದು ತಾನಾಗಿ ಹೋಗುವುದಿಲ್ಲ. ಗಿರಾಕಿ ಕಟ್ಟಡದ ಹೆಸರು ಸೇರಿಸಿ ಕಳಿಸುವ ಗುಂಡಿ ಒತ್ತಬೇಕು. ಬಟ್ಟೆಯನ್ನು ನಾವೇ ಹೋಗಿ ತರುತ್ತೇವೆ. ಅಬುಧಾಬಿಯ ಬನಿಯಾಸಿನಲ್ಲಿ ಕೆಲಸ ಮಾಡುವ ನನ್ನ ಮಗ ಮಸೂದನಿಂದ ಒತ್ತಿಸಿ ನೋಡಿದಳು. ಬಂತು. ಅದೇ ಲಿಂಕನ್ನು ಪಕ್ಕದ ಗಲ್ಲಿಯ ಪ್ರಿಂಟಿಂಗಿನ ರಂಜಿತನಿಗೆ ಕಳಿಸಿ, ಫೋನಿನ ಕ್ಯಾಮೆರಾ ಹಿಡಿದರೆ ಲಿಂಕ್ ತೆರೆಯುವ ಚೌಕದ ಸ್ಟಿಕ್ಕರ್ ಮಾಡಲು ಹೇಳಿದಳು. "ನೋಡಿಕೊಂಡು ಬನ್ನಿ ಮಾಮಿ," ಎಂದು ನನ್ನನ್ನು ಕಳಿಸಿದಳು.

ನನಗೆ ಮೂರನೇ ಕ್ಲಾಸಿನಷ್ಟೇ ಓದು. ಆದರೆ ಅಂಕಿ ತಪ್ಪುವುದಿಲ್ಲ. ರಂಜಿತನ ಕಂಪ್ಯೂಟರಿನಲ್ಲಿ ಲಿಂಕ್ ಉದ್ದಕ್ಕೆ ಮಲಗಿತ್ತು. ಪದಗಳ ನಡುವೆ ಜಾಗದ ಬದಲು ಶೇಕಡಾ ಗುರುತು, ಎರಡು, ಸೊನ್ನೆ. ಅದು ಹಾಗೆಯೇ ಇರಬೇಕೆಂದು ಜುಬೈದ ಹೇಳಿದ್ದಳು. ನಂಬರಿಗೆ ಬಂದೆ. ಒಂಬತ್ತು ಏಳು ಒಂದು, ಐದು, ಸೊನ್ನೆ... ನಮ್ಮದು ಸೊನ್ನೆ ಐದು ಸೊನ್ನೆ ಅಲ್ಲವೇ? ಬೋರ್ಡಿನಲ್ಲೂ ಹಾಗೇ ಇದೆ.

"ಐದರ ಹಿಂದಿನ ಸೊನ್ನೆ ಬಿಟ್ಟು ಹೋಗಿದೆ ಮಗಾ," ಅಂದೆ.

"ಹೌದಾ ಉಮ್ಮ? ನೀವು ಬಂದದ್ದು ಒಳ್ಳೇದಾಯ್ತು," ಎಂದು ಅವನು ಸೊನ್ನೆ ಸೇರಿಸಿ ಚೌಕವನ್ನು ಹೊಸದಾಗಿ ಮಾಡಿದ. ನಾನು ಹೆಮ್ಮೆಯಿಂದ ಸ್ಟಿಕ್ಕರ್ ತಂದೆ. ಕೇಳಿ ಒಪ್ಪಿಗೆ ಪಡೆದು ನಲವತ್ತು ಕಟ್ಟಡಗಳ ಬಾಗಿಲಲ್ಲಿ ಅಂಟಿಸಿದೆವು.

ಮೂರು ದಿನ ಒಂದು ಸಂದೇಶವೂ ಇಲ್ಲ. ಜುಬೈದ ಫೋನ್ ಎತ್ತುವುದು, ಇಡುವುದು. ನೀರಿಗೆ ಹೋದವಳು ಅರ್ಧದಲ್ಲೇ ತಿರುಗಿ ಬಂದು ಮತ್ತೆ ನೋಡುವುದು. ನನಗೂ ಕೈ ನಿಲ್ಲದೆ ಒಳ್ಳೆಯ ಹೊಲಿಗೆಯನ್ನೇ ಒಂದಿಷ್ಟು ಬಿಚ್ಚಿಬಿಟ್ಟೆ.

ನಾಲ್ಕನೇ ದಿನ ಹಳೆಯ ಗಿರಾಕಿ ಮಾನಸ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು. "ಅಕ್ಕಾ, ನಿಮ್ಮ ಸ್ಟಿಕ್ಕರ್ ಸುಮ್ಮನೆ ಶೋಕಿಗಾ? ಈ ನಂಬರ್ ವಾಟ್ಸಾಪಿನಲ್ಲೇ ಇಲ್ಲ ಅಂತ ಬರ್ತದೆ."

"ಎಂತ ಹೇಳ್ತೀರಿ! ನಾನು ಟೆಸ್ಟ್ ಮಾಡಿದ್ದು!" ಜುಬೈದ ಸ್ಟಿಕ್ಕರಿಗೆ ಕ್ಯಾಮೆರಾ ಹಿಡಿದಳು. ನಂಬರ್ ನೋಡಿದಳು. "ಈ ಸೊನ್ನೆ ಎಲ್ಲಿಂದ ಬಂತು? ಆ ರಂಜಿತನ ಕೈ ಮುರಿಯ! ಈಗಲೇ ಹೋಗಿ ಕೇಳ್ತೇನೆ."

ಅವಳು ಆಗಲೇ ಬಾಗಿಲ ತನಕ ಹೋಗಿದ್ದಳು. ನಾನು ಸುಮ್ಮನಿದ್ದರೆ ಬೈಗುಳ ಆ ಹುಡುಗನ ಪಾಲಾಗುತ್ತಿತ್ತು.

"ಜುಬೈದ, ಸೊನ್ನೆ ಸೇರಿಸಿದ್ದು ನಾನು."

ಅವಳು ತಿರುಗಿದಳು. "ನೀವಾ?"

"ಬೋರ್ಡಿನಲ್ಲಿ ಉಂಟಲ್ಲ."

"ಮಾಮಿ, ದೇಶದ ಕೋಡ್ ಒಂಬತ್ತು ಏಳು ಒಂದು ಹಾಕಿದ ಮೇಲೆ ಆ ಸೊನ್ನೆ ಇಲ್ಲ. ಪ್ಲಸ್ಸೂ ಇಲ್ಲ. ಊರಿಂದ ಇಲ್ಲಿದ್ದ ಮಾವನಿಗೆ ಫೋನ್ ಮಾಡುವಾಗ ನೀವೇ ಬೂತಿನವನಿಗೆ ಹೇಳ್ತಿದ್ದದ್ದು ಹೇಗೆ?"

ಬೆರಳು ಮಡಚಿ ಎಣಿಸಿದೆ. ಒಂಬತ್ತು ಏಳು ಒಂದು, ಐದು, ಸೊನ್ನೆ. ನನ್ನ ಗಂಡ ಇಲ್ಲಿ ದುಡಿದ ಹನ್ನೊಂದು ವರ್ಷ ಹಾಗೇ ಹೇಳಿದ್ದೆ. ಹನ್ನೆರಡು ಅಂಕಿ. ನಾನು ಹದಿಮೂರು ಮಾಡಿದ್ದೆ.

ಮಾನಸ ನಕ್ಕಳು. ಜುಬೈದ ನಗಲಿಲ್ಲ. "ಅಂಟಿಸಿದ್ದನ್ನು ತಿದ್ದಲಿಕ್ಕೆ ಆಗುವುದಿಲ್ಲ. ಹೊಸದು ಮಾಡಿಸಿ ಮೇಲೆ ಅಂಟಿಸಬೇಕು. ಶಾಲೆಗೆ ಇನ್ನು ಒಂಬತ್ತೇ ದಿನ."

"ನಾನೇ ಹೋಗ್ತೇನೆ."

"ಈ ಸೆಕೆಯಲ್ಲಿ?"

"ಯಲ್ಲಾ, ಹೊರಟೆ. ನೀನು ಮೆಷಿನ್ ಬಿಡಬೇಡ."

ಸಂಜೆಯೊಳಗೆ ಹೊಸ ಸ್ಟಿಕ್ಕರ್ ಬಂತು. ಪ್ರತಿ ಬಾಗಿಲಲ್ಲೂ ಅಂಟಿಸಿ, ನನ್ನ ಫೋನ್ ಹಿಡಿದು, ಜುಬೈದಳ ಹೆಸರು ಕಾಣುವ ತನಕ ನಿಂತೆ. ಕಳಿಸುವ ಗುಂಡಿ ಮಾತ್ರ ಒತ್ತಲಿಲ್ಲ. ಗಿರಾಕಿ ಎಂದು ತಿಳಿದು ಅವಳು ಬಟ್ಟೆ ಒಯ್ಯಲು ಓಡಿ ಬರಬಾರದು. ನಲವತ್ತಕ್ಕೆ ಎರಡು ದಿನ ಹಿಡಿಯಿತು. ಕೊನೆಯದನ್ನು ಮುಗಿಸಿ ಮೆಟ್ಟಿಲು ಹತ್ತುವಾಗ ಮೇಲಿನಿಂದ ಅವಳ ಕೂಗು.

"ಮಾಮಿ! ಏಳು ಜನ! ಒಬ್ಬಳು ಕಟ್ಟಡದ ಹೆಸರೇ ಬರೆಯದೆ ಕಳಿಸಿದ್ದಾಳೆ!"

"ಕೇಳು ಹಾಗಾದ್ರೆ!"

"ಕೇಳಿ ಆಯ್ತು. ಆರು ಸ್ಕರ್ಟ್ ಅಂತೆ, ಬೇಗ ಬನ್ನಿ, ಬಿಚ್ಚಲಿಕ್ಕೆ ಉಂಟು!"

ಲೈಸೆನ್ಸಿನ ಮಾತನ್ನು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳು ಅಂಗಡಿಯ ಕಾಗದಗಳ ಫೈಲನ್ನು ಚೀಲಕ್ಕೆ ಹಾಕಿಕೊಂಡು, ಸರಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿಗೆ ಹೋದಳು.